ಮನೆಯಲ್ಲೇ ಕೂತು ಅನುವಾದ, ಟೈಪಿಂಗ್ ಕೆಲಸ: ಶುರು ಮಾಡುವ ಮೊದಲು ದುಡ್ಡು ಎಲ್ಲಿದೆ ಅಂತ ನೋಡಿ

ಚಿಂತಾಮಣಿ, ಶಿಡ್ಲಘಟ್ಟ, ಬಾಗೇಪಲ್ಲಿ ಕಡೆಯ ವಾಟ್ಸ್‌ಆ್ಯಪ್ ಗ್ರೂಪುಗಳಲ್ಲಿ ಇಂಥ ಮೆಸೇಜ್ ಆಗಾಗ ಬರುತ್ತಲೇ ಇರುತ್ತದೆ. "ಮನೆಯಲ್ಲೇ ಡೇಟಾ ಎಂಟ್ರಿ, ತಿಂಗಳಿಗೆ 25,000, ಅನುಭವ ಬೇಡ." ಕೆಳಗೆ ಒಂದು ಮೊಬೈಲ್ ನಂಬರ್. ನಾನು ಚಿಂತಾಮಣಿಯಲ್ಲಿದ್ದುಕೊಂಡೇ ಇಂಗ್ಲಿಷ್‌ನಿಂದ ಕನ್ನಡಕ್ಕೆ ಅನುವಾದ ಮಾಡಿ ಸಂಪಾದಿಸುವವಳು. ಹಾಗಾಗಿ ಆ ಮೆಸೇಜನ್ನು ನನಗೆ ಕಳಿಸಿ "ಅಕ್ಕಾ, ಇದು ನಿಜವಾ?" ಅಂತ ಕೇಳುವವರು ಜಾಸ್ತಿ.

ನಾನು ತಿರುಗಿ ಕೇಳುವುದು ಒಂದೇ ಪ್ರಶ್ನೆ. ನೀನು ಮೊದಲ ಸಾಲು ಟೈಪ್ ಮಾಡುವ ಹೊತ್ತಿಗೆ ನಿನ್ನ ಕೂಲಿ ಎಲ್ಲಿರುತ್ತದೆ? ಕೆಲಸ ಕೊಟ್ಟವರ ಜೇಬಲ್ಲಾ, ನಡುವೆ ಒಬ್ಬ ಮಧ್ಯಸ್ಥನ ಹತ್ತಿರವಾ, ಅಥವಾ ನೀನೇ ಅವರಿಗೆ ದುಡ್ಡು ಕೊಡಬೇಕಾ? ಈ ಲೇಖನದ ಪ್ರತಿ ಹೆಜ್ಜೆಯೂ ಈ ಪ್ರಶ್ನೆಯ ಸುತ್ತಲೇ ಇದೆ.

ಯಾವ ಕೆಲಸ ನಿಜವಾಗಿ ಇದೆ

ಮೊದಲು ಕಹಿ ಮಾತು. ಪಿಡಿಎಫ್ ನೋಡಿ ವರ್ಡ್‌ನಲ್ಲಿ ಟೈಪ್ ಮಾಡುವ ಕೆಲಸ ಅಂತ ಆನ್‌ಲೈನ್‌ನಲ್ಲಿ ಕಾಣುವುದರಲ್ಲಿ ಬಹುಪಾಲು ಬಲೆ. ಕಾರಣ ಸರಳ. ಸ್ಕ್ಯಾನ್ ಮಾಡಿದ ಪುಟವನ್ನು ಗೂಗಲ್ ಡ್ರೈವ್‌ಗೆ ಹಾಕಿ ಗೂಗಲ್ ಡಾಕ್ಸ್‌ನಲ್ಲಿ ತೆರೆದರೆ ಅಕ್ಷರಗಳು ತಾವಾಗೇ ಬರುತ್ತವೆ, ಕನ್ನಡದ್ದೂ ಬರುತ್ತವೆ. ಬಿಟ್ಟಿಯಾಗಿ ಆಗುವುದಕ್ಕೆ ಯಾರಾದರೂ 500 ಡಾಲರ್ ಕೊಡುತ್ತಾರಾ? ಅಷ್ಟು ದೊಡ್ಡ ಮೊತ್ತ, ಅಷ್ಟು ಸುಲಭದ ಕೆಲಸ ಒಟ್ಟಿಗೆ ಕಂಡರೆ ಅಲ್ಲಿ ಮಾರಾಟಕ್ಕಿರುವುದು ಕೆಲಸವಲ್ಲ, ನೀವು ಮುಂದೆ ಕಟ್ಟಲಿರುವ "ನೋಂದಣಿ ಶುಲ್ಕ".

ಹಾಗಂತ ಟೈಪಿಂಗ್ ಬಲ್ಲವರಿಗೆ ಕೆಲಸವೇ ಇಲ್ಲ ಅಂತಲ್ಲ. ಹಾಗೆ ತೆಗೆದ ಕನ್ನಡ ಪಠ್ಯದಲ್ಲಿ ಒತ್ತಕ್ಷರಗಳು ತಪ್ಪಿರುತ್ತವೆ, ಅದನ್ನು ತಿದ್ದುವ ಕೆಲಸ ಇದೆ. ಕನ್ನಡ ಆಡಿಯೊ ಕೇಳಿ ಬರೆದುಕೊಡುವ ಕೆಲಸ ಇದೆ. ಅಂಗಡಿಗಳ ಪಟ್ಟಿ, ಸರಕಿನ ವಿವರಗಳನ್ನು ಎಕ್ಸೆಲ್‌ಗೆ ಏರಿಸುವ ಕೆಲಸವೂ ಇದೆ, ಆದರೆ ಅದಕ್ಕೆ ಪ್ರಪಂಚದ ಎಲ್ಲ ಕಡೆಯವರೂ ಮುಗಿಬೀಳುವುದರಿಂದ ದರ ನೆಲ ಕಚ್ಚಿರುತ್ತದೆ. ಕನ್ನಡ ಬಲ್ಲವರಿಗೆ ಸ್ಪರ್ಧೆ ಕಡಿಮೆ ಇರುವುದು ಅನುವಾದದಲ್ಲೇ. ನಮ್ಮ ಜಿಲ್ಲೆಯಲ್ಲಂತೂ ಮನೆಮನೆಯಲ್ಲಿ ತೆಲುಗು ಮಾತಾಡುತ್ತಾರೆ. ತೆಲುಗು ಲಿಪಿ ಸರಾಗವಾಗಿ ಓದಲು ಬಂದರೆ ತೆಲುಗಿನಿಂದ ಕನ್ನಡಕ್ಕೂ ಮಾಡಬಹುದು. ಬರೀ ಮಾತು ಬಂದರೆ ಸಾಲದು, ಆದರೆ ತೆಲುಗು ಆಡಿಯೊ ಕೇಳಿ ಕನ್ನಡದಲ್ಲಿ ಬರೆಯುವುದಕ್ಕೆ ಅದು ಸಾಕು.

ಹೆಜ್ಜೆ 1: ನಿಮ್ಮ ಕನ್ನಡ ಬೇರೆಯವರ ಕಂಪ್ಯೂಟರಿನಲ್ಲಿ ಕಾಣುತ್ತದಾ ಪರೀಕ್ಷಿಸಿ

ನಮ್ಮೂರ ಡಿಟಿಪಿ ಅಂಗಡಿಯಲ್ಲಿ ಕಲಿತವರು ಇಲ್ಲೇ ಮುಗ್ಗರಿಸುತ್ತಾರೆ. ಅಲ್ಲಿ ಲಗ್ನಪತ್ರಿಕೆ, ಕರಪತ್ರ ಮಾಡುವುದು ಹೆಚ್ಚಾಗಿ ನುಡಿ ತಂತ್ರಾಂಶದ ಹಳೇ ಫಾಂಟುಗಳಲ್ಲಿ. ಅವು ಎಲ್ಲ ಕಂಪ್ಯೂಟರಿಗೂ ಅರ್ಥವಾಗುವ ಯೂನಿಕೋಡ್ ಅಲ್ಲ. ನಿಮ್ಮ ಪರದೆಯ ಮೇಲೆ "ಕನ್ನಡ" ಅಂತ ಚೆಂದವಾಗಿ ಕಾಣುವುದು ಆ ಫಾಂಟ್ ಇಲ್ಲದ ಕಂಪ್ಯೂಟರಿನಲ್ಲಿ ಹೀಗೆ ಕಾಣುತ್ತದೆ:

```
PÀ£ÀßqÀ
```

ಗ್ರಾಹಕರಿಗೆ ಇಂಥ ಫೈಲ್ ಹೋದರೆ ದುಡ್ಡು ವಾಪಸ್ ಕೇಳುತ್ತಾರೆ, ಕೇಳುವುದು ನ್ಯಾಯವೂ ಹೌದು. ಪರೀಕ್ಷೆ ಸುಲಭ. ನೀವು ಟೈಪ್ ಮಾಡಿದ ಒಂದು ಸಾಲನ್ನು ಕಾಪಿ ಮಾಡಿ ವಾಟ್ಸ್‌ಆ್ಯಪ್‌ನಲ್ಲಿ ಮನೆಯವರಿಗೆ ಕಳಿಸಿ. ಅವರ ಮೊಬೈಲಿನಲ್ಲಿ ಕನ್ನಡವಾಗಿಯೇ ಕಂಡರೆ ಅದು ಯೂನಿಕೋಡ್. ನುಡಿಯಲ್ಲೇ ಕೈ ಕುದುರಿದ್ದರೆ ಅದೇ ಕೀಲಿಮಣೆ ಇಟ್ಟುಕೊಂಡು ಯೂನಿಕೋಡ್ ಆಯ್ಕೆ ಮಾಡಿಕೊಳ್ಳಬಹುದು. ವಿಂಡೋಸ್‌ನಲ್ಲೇ ಇರುವ ಕನ್ನಡ ಕೀಲಿಮಣೆಯನ್ನೂ ಬಳಸಬಹುದು. ಹೊಸದಾಗಿ ಯಾವ ಸಾಫ್ಟ್‌ವೇರನ್ನೂ ಕೊಳ್ಳಬೇಕಿಲ್ಲ. "ನಮ್ಮ ಟೈಪಿಂಗ್ ಸಾಫ್ಟ್‌ವೇರ್ ತೊಗೊಂಡ್ರೆ ಮಾತ್ರ ಕೆಲಸ" ಅನ್ನುವವರು ಸಾಫ್ಟ್‌ವೇರ್ ಮಾರುವವರು, ಅಷ್ಟೇ.

ಹೆಜ್ಜೆ 2: ಹೆಸರು ಎಲ್ಲ ಕಡೆ ಒಂದೇ ಇರಲಿ

ಇದು ಚಿಕ್ಕ ವಿಷಯ ಅನ್ನಿಸುತ್ತದೆ. ಆದರೆ ದುಡಿದ ಹಣ ಬ್ಯಾಂಕಿಗೆ ಬರದೆ ನಿಂತುಹೋಗುವುದು ಎಷ್ಟೋ ಸಲ ಇದರಿಂದಲೇ.

ನಮ್ಮ ಕಡೆ ಹೆಸರಿನ ಜೊತೆ ಇನಿಷಿಯಲ್ ಇರುತ್ತದೆ. ಬ್ಯಾಂಕ್ ಪಾಸ್‌ಬುಕ್ಕಿನಲ್ಲಿ "ಮಂಜುಳಾ ಎನ್.", ಪ್ಯಾನ್ ಕಾರ್ಡಿನಲ್ಲಿ ಆ ಎನ್ ಬಿಡಿಸಿ ತಂದೆಯ ಪೂರ್ತಿ ಹೆಸರು, ಆಧಾರ್‌ನಲ್ಲಿ ಮದುವೆಯಾದ ಮೇಲೆ ಗಂಡನ ಹೆಸರು. ನಮಗೆ ಇದೆಲ್ಲ ಒಬ್ಬಳೇ ಮಂಜುಳಾ. ಹೊರದೇಶದ ಕಂಪನಿಯ ಕಂಪ್ಯೂಟರಿಗೆ ಮೂವರು ಬೇರೆ ಬೇರೆ ಹೆಂಗಸರು. ಕೆಲಸ ಕೊಡುವವರನ್ನೂ ಮಾಡುವವರನ್ನೂ ಸೇರಿಸುವ ಅಪ್‌ವರ್ಕ್‌ನಂಥ ತಾಣ ಸರ್ಕಾರಿ ಗುರುತಿನ ಚೀಟಿ ಕೇಳುತ್ತದೆ, ಕೆಲವೊಮ್ಮೆ ಕ್ಯಾಮೆರಾ ಮುಂದೆ ಮುಖವನ್ನೂ ತೋರಿಸಲು ಹೇಳುತ್ತದೆ. ಖಾತೆ ತೆರೆಯುವಾಗ ಗುರುತಿನ ಚೀಟಿಯಲ್ಲಿ ಹೇಗಿದೆಯೋ ಹಾಗೇ ಹೆಸರು ಕೊಡಿ. ಬ್ಯಾಂಕಿನ ಹೆಸರು ಬೇರೆ ಇದ್ದರೆ ಮೊದಲು ಬ್ಯಾಂಕಿಗೆ ಹೋಗಿ ಸರಿಮಾಡಿಸಿಕೊಳ್ಳಿ. ಕೆಲಸ ಮುಗಿದ ಮೇಲೆ ಓಡಾಡುವುದಕ್ಕಿಂತ ಇದು ವಾಸಿ. ಪ್ಯಾನ್ ನಂಬರನ್ನು ತೆರಿಗೆ ವಿವರದ ಜಾಗದಲ್ಲಿ ತುಂಬಿ. ಅದಿಲ್ಲದಿದ್ದರೆ ಬರುವ ಹಣದಲ್ಲಿ ತೆರಿಗೆ ಜಾಸ್ತಿ ಹಿಡಿಯುತ್ತಾರೆ.

ಅಣ್ಣನ ಹೆಸರಲ್ಲಿ ಖಾತೆ, ತಂಗಿ ಕೆಲಸ, ಅಮ್ಮನ ಬ್ಯಾಂಕ್ ಅನ್ನುವ ಹೊಂದಾಣಿಕೆ ಇಲ್ಲಿ ನಡೆಯುವುದಿಲ್ಲ. "ನಿಮ್ಮ ಖಾತೆಯನ್ನು ತಿಂಗಳಿಗಿಷ್ಟು ಅಂತ ಬಾಡಿಗೆಗೆ ಕೊಡಿ" ಎನ್ನುವವರೂ ಬರುತ್ತಾರೆ. ಕೊಡಬೇಡಿ. ಫ್ರೀಲಾನ್ಸ್ ಖಾತೆ ಕೊಟ್ಟರೆ ಅದು ಮುಚ್ಚಿಹೋಗುತ್ತದೆ. ಬ್ಯಾಂಕ್ ಖಾತೆ ಕೊಟ್ಟರೆ ಬೇರೆ ಊರಿನ ಪೊಲೀಸರು ನಿಮ್ಮನ್ನೇ ಹುಡುಕಿಕೊಂಡು ಬರುತ್ತಾರೆ, ಯಾಕೆಂದರೆ ಯಾರಿಗೋ ಮೋಸ ಮಾಡಿದ ಹಣ ಹಾದುಹೋಗಿರುವುದು ನಿಮ್ಮ ಹೆಸರಿನ ಖಾತೆಯಲ್ಲಿ.

ಹೆಜ್ಜೆ 3: ತಾಣ ಆರಿಸುವಾಗ ಹಣ ನಿಲ್ಲುವ ಜಾಗ ನೋಡಿ

ಹೊಸಬರು ಒಂದೇ ತಾಣದಲ್ಲಿ ಶುರು ಮಾಡುವುದು ಒಳ್ಳೆಯದು. ಆದರೆ ಮೂರ್ನಾಲ್ಕರ ಸ್ವಭಾವ ಗೊತ್ತಿರಲಿ.

ಅಪ್‌ವರ್ಕ್‌ನಲ್ಲಿ ಗ್ರಾಹಕರು ಕೆಲಸ ಹಾಕುತ್ತಾರೆ, ನೀವು ಅರ್ಜಿ ಹಾಕುತ್ತೀರಿ. ಅರ್ಜಿ ಹಾಕಲು "ಕನೆಕ್ಟ್ಸ್" ಅನ್ನುವ ಟೋಕನ್ ಬೇಕು. ಒಂದಕ್ಕೆ 15 ಸೆಂಟ್. ಒಂದು ಅರ್ಜಿಗೆ ಎಷ್ಟು ಬೇಕು ಅನ್ನುವುದು ಕೆಲಸದಿಂದ ಕೆಲಸಕ್ಕೆ ಬದಲಾಗುತ್ತದೆ. ಇಲ್ಲಿ ನೀವು ದುಡ್ಡು ಕಟ್ಟುವುದು ತಾಣಕ್ಕೆ, ಗ್ರಾಹಕನಿಗೆ ಅಲ್ಲ. ಈ ವ್ಯತ್ಯಾಸ ನೆನಪಿರಲಿ. ನಿಗದಿತ ಮೊತ್ತದ ಕೆಲಸದಲ್ಲಿ ಗ್ರಾಹಕ ಮೊದಲೇ ಹಣವನ್ನು ಅಪ್‌ವರ್ಕ್ ಹತ್ತಿರ ಇಡಬೇಕು. ಅದಕ್ಕೆ ಎಸ್ಕ್ರೋ ಅನ್ನುತ್ತಾರೆ. ನಿಮ್ಮ ಗಳಿಕೆಯಲ್ಲಿ ತಾಣ 0 ಯಿಂದ 15 ಪರ್ಸೆಂಟ್‌ವರೆಗೆ ಹಿಡಿಯುತ್ತದೆ, ಎಷ್ಟು ಅನ್ನುವುದು ಅರ್ಜಿ ಹಾಕುವ ಪುಟದಲ್ಲೇ ಕಾಣುತ್ತದೆ.

ಫೈವರ್‌ನಲ್ಲಿ ಉಲ್ಟಾ. ನೀವು ಅಂಗಡಿ ಹಾಕಿ ಕೂರುತ್ತೀರಿ, ಗ್ರಾಹಕ ಮೊದಲೇ ದುಡ್ಡು ಕಟ್ಟಿ ಆರ್ಡರ್ ಕೊಡುತ್ತಾನೆ. ಕಮಿಷನ್ 20 ಪರ್ಸೆಂಟ್. ಆರ್ಡರ್ ಮುಗಿದ ಮೇಲೂ ಹೊಸಬರಿಗೆ ಹಣ ಕೈಗೆ ಸಿಗಲು 14 ದಿನ ಕಾಯಬೇಕು.

ಫ್ರೀಲಾನ್ಸರ್ ಡಾಟ್ ಕಾಮ್‌ನಲ್ಲಿ ಒಂದು ಸೂಕ್ಷ್ಮ ಇದೆ. ನಿಗದಿತ ಮೊತ್ತದ ಕೆಲಸವನ್ನು ನೀವು ಒಪ್ಪಿಕೊಂಡ ಗಳಿಗೆಯಲ್ಲೇ ತಾಣ ತನ್ನ ಪಾಲು ಹಿಡಿದುಬಿಡುತ್ತದೆ. 10 ಪರ್ಸೆಂಟ್ ಅಥವಾ 5 ಡಾಲರ್, ಯಾವುದು ಜಾಸ್ತಿಯೋ ಅದು. ಆಮೇಲೆ ಗ್ರಾಹಕ ಮಾಯವಾದರೂ ನಿಮ್ಮ ಲೆಕ್ಕದಲ್ಲಿ ಆ ಹಣ ಹೋಗಿಯೇ ಇರುತ್ತದೆ. ಅದಕ್ಕೇ ಅಲ್ಲಿ ಮೈಲ್‌ಸ್ಟೋನ್ ಹಣ, ಅಂದರೆ ಆ ಕಂತಿನ ಕೆಲಸಕ್ಕೆ ಗ್ರಾಹಕ ತಾಣದಲ್ಲಿ ಮೊದಲೇ ಇಡುವ ಹಣ, ಹಾಕಿಸಿಕೊಳ್ಳದೆ ಕೆಲಸ ಒಪ್ಪಿಕೊಳ್ಳಬೇಡಿ.

ಪ್ರೋಝ್ ಅನ್ನುವುದು ಅನುವಾದಕರದೇ ತಾಣ. ಏಜೆನ್ಸಿಗಳು ಅಲ್ಲಿ ನಿಮ್ಮನ್ನು ಹುಡುಕುತ್ತವೆ, ಆದರೆ ಹಣ ಹಿಡಿದಿಡುವ ಮಧ್ಯಸ್ಥ ಅಲ್ಲಿಲ್ಲ. ಕೆಲಸ ಮುಗಿಸಿ ಬಿಲ್ ಕಳಿಸಿದ ಮೇಲೆ 30, 45, ಕೆಲವೊಮ್ಮೆ 60 ದಿನಕ್ಕೆ ದುಡ್ಡು. ಅಲ್ಲಿ ನಿಮ್ಮ ಕಾವಲು "ಬ್ಲೂ ಬೋರ್ಡ್". ಯಾವ ಏಜೆನ್ಸಿ ಜೊತೆ ಮತ್ತೆ ಕೆಲಸ ಮಾಡಬಹುದು ಅಂತ ಅನುವಾದಕರೇ 5 ಕ್ಕೆ ಅಂಕ ಹಾಕಿರುತ್ತಾರೆ. ನನ್ನ ಅಭಿಪ್ರಾಯ ಕೇಳಿದರೆ, ಮೊದಲ ಆರು ತಿಂಗಳು ಅಪ್‌ವರ್ಕ್, ಕೈ ಪಳಗಿದ ಮೇಲೆ ಪ್ರೋಝ್.

ಹೆಜ್ಜೆ 4: ಒಂದು ಕೆಲಸವನ್ನು ಮೊದಲಿಂದ ಕೊನೆವರೆಗೆ ನೋಡೋಣ

ಅಪ್‌ವರ್ಕ್‌ನಲ್ಲಿ ಹನಿ ನೀರಾವರಿ ಉಪಕರಣದ ಕೈಪಿಡಿಯ ಕೆಲಸ ಇದೆ ಅಂದುಕೊಳ್ಳಿ. ಇಂಗ್ಲಿಷ್‌ನಲ್ಲಿ 6,000 ಪದ. ಕನ್ನಡಕ್ಕೆ ಬೇಕು. ನಮ್ಮ ಜಿಲ್ಲೆಯವರಿಗೆ ಇದು ಹೇಳಿ ಮಾಡಿಸಿದ ಕೆಲಸ. ಡ್ರಿಪ್, ಲ್ಯಾಟರಲ್, ಫಿಲ್ಟರ್ ಅಂದರೆ ರೈತರ ಬಾಯಲ್ಲಿ ಹೇಗೆ ಬರುತ್ತದೆ ಅಂತ ಮನೆಯಲ್ಲೇ ಕೇಳಿ ತಿಳಿಯಬಹುದು. ಅರ್ಜಿಯಲ್ಲಿ ಅದನ್ನೇ ಬರೆಯಿರಿ. "ನಾನು ಶ್ರಮಜೀವಿ, ಪ್ರಾಮಾಣಿಕ" ಅಂತ ಎಲ್ಲರೂ ಬರೆಯುತ್ತಾರೆ. "ಹನಿ ನೀರಾವರಿ ಬಳಸುವ ಊರಿನಲ್ಲಿದ್ದೇನೆ, ಈ ಪದಗಳು ರೈತರಿಗೆ ಹೇಗೆ ಗೊತ್ತು ಅನ್ನುವುದು ನನಗೆ ಗೊತ್ತು" ಅಂತ ಬರೆದು, ಅವರ ಕೈಪಿಡಿಯದೇ ಎರಡು ಸಾಲು ಅನುವಾದಿಸಿ ತೋರಿಸಿ.

ಅರ್ಜಿ ಹಾಕುವ ಮೊದಲು ಗ್ರಾಹಕನ ವಿವರ ಓದಿ. ಪುಟದಲ್ಲಿ Payment method verified ಅಂತ ಇದೆಯಾ? ಇದುವರೆಗೆ ಎಷ್ಟು ಖರ್ಚು ಮಾಡಿದ್ದಾನೆ, ಎಷ್ಟು ಜನರನ್ನು ಕೆಲಸಕ್ಕೆ ತೊಗೊಂಡಿದ್ದಾನೆ, ಕೆಲಸ ಮಾಡಿದವರು ಏನು ಬರೆದಿದ್ದಾರೆ? ಒಂದು ಎಚ್ಚರ. ಆ ಗುರುತು ಇದ್ದರೆ ಅವನು ಒಂದು ಕಾರ್ಡನ್ನೋ ಖಾತೆಯನ್ನೋ ಜೋಡಿಸಿದ್ದಾನೆ ಅಂತಷ್ಟೇ ಅರ್ಥ. ನಿಮ್ಮ ಕೂಲಿಯನ್ನು ತೆಗೆದಿಟ್ಟಿದ್ದಾನೆ ಅಂತಲ್ಲ.

ಗ್ರಾಹಕ ಮಾದರಿ ಕೇಳಬಹುದು. 200, 300 ಪದದವರೆಗೆ ಬಿಟ್ಟಿ ಮಾದರಿ ಕೊಡುವುದು ಈ ಧಂದೆಯಲ್ಲಿ ಇದ್ದದ್ದೇ. "ಪರೀಕ್ಷೆಗೆ ಈ ನಾಲ್ಕು ಪುಟ ಮಾಡಿ" ಅಂದರೆ ಕೈ ಎತ್ತಿಬಿಡಿ. ನಲವತ್ತು ಪುಟದ ಪುಸ್ತಕವನ್ನು ಹತ್ತು ಜನರಿಗೆ ನಾಲ್ಕು ನಾಲ್ಕು ಪುಟ ಹಂಚಿ, ಬಿಟ್ಟಿಯಾಗಿ ಪೂರ್ತಿ ಮಾಡಿಸಿಕೊಳ್ಳುವ ಹಳೇ ಉಪಾಯ ಅದು.

ಈಗ ದರ. ಪದಕ್ಕೆ 3 ಸೆಂಟ್ ಅಂತ ಇಟ್ಟುಕೊಳ್ಳೋಣ. ಯಾವ ಪದ ಎಣಿಸುತ್ತೀರಿ ಅನ್ನುವುದನ್ನು ಮೊದಲೇ ಬರವಣಿಗೆಯಲ್ಲಿ ಹೇಳಿ. ಇಂಗ್ಲಿಷ್ ಪದ ಎಣಿಸಬೇಕು, ಕನ್ನಡದ್ದಲ್ಲ. ನಮ್ಮ ಭಾಷೆಯಲ್ಲಿ ವಿಭಕ್ತಿ ಪದಕ್ಕೇ ಅಂಟಿಕೊಳ್ಳುವುದರಿಂದ ಇಂಗ್ಲಿಷಿನ ಆರು ಪದ ಇಲ್ಲಿ "ರೈತ ಮಾರುಕಟ್ಟೆಗೆ ಹೋದ" ಅಂತ ಮೂರರಲ್ಲೇ ಮುಗಿದುಹೋಗಬಹುದು. ಕನ್ನಡ ಪದ ಎಣಿಸಿ ಕೊಡುತ್ತೇನೆ ಅನ್ನುವವರಿಗೆ ಒಪ್ಪಿದರೆ ಅದೇ ದುಡಿಮೆಗೆ ಕೂಲಿ ಕಡಿಮೆ.

6,000 ಪದಕ್ಕೆ 180 ಡಾಲರ್. ಇದನ್ನು ಒಂದೇ ಗಂಟಾಗಿ ಇಡಬೇಡಿ. ಎರಡು ಮೈಲ್‌ಸ್ಟೋನ್ ಮಾಡಿ, ಒಂದೊಂದು 3,000 ಪದ, 90 ಡಾಲರ್. ದಿನಕ್ಕೆ 1,500 ಪದ ಮಾಡಿ ತಿದ್ದುವುದು ಹೊಸಬರಿಗೆ ಸಾಕಷ್ಟು ಕೆಲಸ. ಮೊದಲ ಕಂತಿಗೆ ಮೂರು ದಿನ ಕೇಳಿ, ಎರಡು ದಿನ ಅನುವಾದಕ್ಕೆ, ಒಂದು ದಿನ ಓದಿ ತಿದ್ದುವುದಕ್ಕೆ. ಕರೆಂಟು ಹೋಗುವ ಊರಲ್ಲಿ ಆ ಮೂರನೇ ದಿನ ಬೇಕೇ ಬೇಕು.

ಗ್ರಾಹಕ ಒಪ್ಪಿದ, ಕಾಂಟ್ರಾಕ್ಟ್ ಬಂತು. ಇಲ್ಲಿ ನಿಲ್ಲಿ. ಕಾಂಟ್ರಾಕ್ಟ್ ಬಂದ ಮಾತ್ರಕ್ಕೆ ಹಣ ಬಂದಿದೆ ಅಂತಲ್ಲ. ಅಪ್‌ವರ್ಕ್ ಪುಟದಲ್ಲೇ ಕಾಂಟ್ರಾಕ್ಟ್ ತೆರೆದು, ಮೊದಲ ಮೈಲ್‌ಸ್ಟೋನ್ ಪಕ್ಕದಲ್ಲಿ Funded ಅಂತ ತೋರಿಸುತ್ತಿದೆಯಾ ನೋಡಿ. ಇಮೇಲ್ ನಂಬಬೇಡಿ. "ನಿಮ್ಮ ಹಣ ಜಮಾ ಆಗಿದೆ" ಅಂತ ತಾಣದ ಹೆಸರಿನಲ್ಲೇ ಸುಳ್ಳು ಇಮೇಲ್ ಕಳಿಸುವವರಿದ್ದಾರೆ. "ನೀವು ಶುರು ಮಾಡಿ, ಸಂಜೆ ಹಣ ಹಾಕ್ತೀನಿ" ಅಂದರೆ "ಹಣ ಬಂದ ಕೂಡಲೇ ಶುರು ಮಾಡ್ತೀನಿ" ಅಂತ ಮರ್ಯಾದೆಯಿಂದ ಉತ್ತರ ಕೊಡಿ. ಸರಿಯಾದ ಗ್ರಾಹಕ ಇದಕ್ಕೆ ಬೇಜಾರು ಮಾಡಿಕೊಳ್ಳುವುದಿಲ್ಲ.

ಮೂರನೇ ದಿನ ಫೈಲ್ ಸಿದ್ಧ. ಅದನ್ನು ಚಾಟ್‌ನಲ್ಲಿ ಕಳಿಸಿ ಸುಮ್ನೆ ಕೂತರೆ ಗಡಿಯಾರ ಓಡುವುದೇ ಇಲ್ಲ. ಮೈಲ್‌ಸ್ಟೋನ್ ಪಕ್ಕದಲ್ಲಿ ಕೆಲಸ ಸಲ್ಲಿಸಿ ಹಣ ಕೇಳುವ ಬಟನ್ ಇರುತ್ತದೆ. ಅದನ್ನು ಒತ್ತಿ ಅಲ್ಲೇ ಫೈಲ್ ಸೇರಿಸಿ. ಒತ್ತಿದ ದಿನದಿಂದ ಗ್ರಾಹಕನಿಗೆ 14 ದಿನ ಸಮಯ. ಅವನು ಒಪ್ಪಬಹುದು, ತಿದ್ದುಪಡಿ ಕೇಳಬಹುದು. ಏನೂ ಮಾಡದೆ ಸುಮ್ಮನಿದ್ದರೆ 14 ದಿನಕ್ಕೆ ಹಣ ತಾನಾಗೇ ನಿಮ್ಮ ಕಡೆ ಬಿಡುಗಡೆಯಾಗುತ್ತದೆ. ಆಮೇಲೆ 5 ದಿನ ತಾಣ ಅದನ್ನು ತಡೆದಿಟ್ಟುಕೊಳ್ಳುತ್ತದೆ. ಅಂದರೆ ಗ್ರಾಹಕ ಮಾತೇ ಆಡದಿದ್ದರೂ 19 ದಿನದಲ್ಲಿ ಹಣ ತೆಗೆಯಬಹುದು. ಬಟನ್ ಒತ್ತದವರು ಮಾತ್ರ ತಿಂಗಳುಗಟ್ಟಲೆ ಕಾಯುತ್ತಾರೆ.

ಲೆಕ್ಕ ಹೀಗೆ. ತಾಣದ ಪಾಲು 10 ಪರ್ಸೆಂಟ್ ಅಂದುಕೊಂಡರೆ 90 ಡಾಲರಿನಲ್ಲಿ 9 ಹೋಗಿ 81. ಎರಡು ಕಂತಿಗೆ 162. ಎರಡನ್ನೂ ಒಟ್ಟಿಗೆ ಬ್ಯಾಂಕಿಗೆ ಹಾಕಿಸಿಕೊಳ್ಳಿ, ಯಾಕೆಂದರೆ ಒಂದು ಸಲ ತೆಗೆಯುವುದಕ್ಕೆ 99 ಸೆಂಟ್ ಶುಲ್ಕ. ಉಳಿಯುವುದು 161 ಡಾಲರ್ ಚಿಲ್ಲರೆ. ಲೆಕ್ಕ ಸುಲಭವಾಗಲಿ ಅಂತ ಡಾಲರಿಗೆ 85 ರೂಪಾಯಿ ಹಿಡಿದರೆ ಸುಮಾರು 13,685 ರೂಪಾಯಿ. ಇದರಲ್ಲಿ ಕನೆಕ್ಟ್ಸ್ ಖರ್ಚನ್ನೂ ಸ್ವಲ್ಪ ತೆರಿಗೆಯನ್ನೂ ಕಳೆಯಿರಿ. ಸಿಗದೇ ಹೋದ ಕೆಲಸಗಳ ಅರ್ಜಿಗೆ ಹೋದ ಕನೆಕ್ಟ್ಸ್ ಕೂಡ ಖರ್ಚೇ. ವಾರದ ದುಡಿಮೆಗೆ ಇದು ಚೆನ್ನಾಗಿದೆ, ನಿಜ. ಆದರೆ ಇಂಥ ಕೆಲಸ ವಾರವಾರ ಸಿಗುವುದಿಲ್ಲ. "ತಿಂಗಳಿಗೆ ಗ್ಯಾರಂಟಿ 25,000" ಅನ್ನುವ ಮಾತು ಈ ಕ್ಷೇತ್ರದಲ್ಲಿ ಯಾರ ಬಾಯಲ್ಲಿ ಬಂದರೂ ಸುಳ್ಳು.

ನಡುವೆ ಗ್ರಾಹಕ "ಟೆಲಿಗ್ರಾಂಗೆ ಬನ್ನಿ, ನೇರವಾಗಿ ಕೊಡ್ತೀನಿ, ಕಮಿಷನ್ ಉಳಿಯುತ್ತೆ" ಅಂದರೆ? ಕಾಂಟ್ರಾಕ್ಟ್ ಆಗುವ ಮೊದಲೇ ಹೊರಗೆ ಕರೆಯುವುದು ತಾಣದ ನಿಯಮಕ್ಕೇ ವಿರುದ್ಧ. ಹೊರಗೆ ಹೋದ ಮೇಲೆ ಎಸ್ಕ್ರೋ ಇಲ್ಲ, 14 ದಿನದ ಗಡಿಯಾರ ಇಲ್ಲ, ದೂರು ಕೇಳುವವರೂ ಇಲ್ಲ. 18 ಡಾಲರ್ ಉಳಿಸಲು ಹೋಗಿ 180 ಕಳೆದುಕೊಳ್ಳುವ ವ್ಯಾಪಾರ.

ಅಗ್ರಿಮೆಂಟ್ ಮೋಸ: ಬಾಗೇಪಲ್ಲಿಯ ನಾದಿನಿಗೆ ಆದದ್ದು

ನಮ್ಮ ಕಡೆ ಮನೆಯಲ್ಲಿರುವ ಹೆಣ್ಣುಮಕ್ಕಳನ್ನು ಹೆಚ್ಚು ಕಾಡುವ ಮೋಸ ಇದು. ಬಾಗೇಪಲ್ಲಿಯಲ್ಲಿರುವ ನನ್ನ ನಾದಿನಿಗೆ ಒಂದು "ಕಂಪನಿ"ಯಿಂದ ಫೋನ್ ಬಂತು. ಫಾರ್ಮ್ ತುಂಬುವ ಕೆಲಸ, ಒಂದು ರೂಪಾಯಿಯೂ ಕಟ್ಟಬೇಕಿಲ್ಲ. ಅದಕ್ಕೇ ನಂಬಿದಳು. ಆಧಾರ್ ಫೋಟೊ, ಸಹಿ ಮಾಡಿದ ಕಾಗದ ಕಳಿಸಿ ಅಂದರು. ಛಾಪಾ ಕಾಗದದ ಚಿತ್ರವಿದ್ದ ಒಂದು ಪಿಡಿಎಫ್ ಬಂತು, ಹತ್ತಾರು ಪುಟ ಇಂಗ್ಲಿಷ್. ಆರು ದಿನದಲ್ಲಿ 600 ಫಾರ್ಮ್, 90 ಪರ್ಸೆಂಟ್ ಸರಿಯಿರಬೇಕು.

ಕೆಲಸ ಶುರುವಾದ ಮೇಲೆ ಪರದೆಯಲ್ಲಿ ಬಂದದ್ದು ಮಸುಕು ಚಿತ್ರಗಳು. ಸೊನ್ನೆಯೋ ಇಂಗ್ಲಿಷಿನ ಓ ಅಕ್ಷರವೋ ಗೊತ್ತಾಗುವುದಿಲ್ಲ. ಒಂದು ಹೆಸರಿನ ಮುಂದೆ ಚುಕ್ಕಿ ಇದೆಯೋ ಧೂಳಿನ ಕಲೆಯೋ ತಿಳಿಯುವುದಿಲ್ಲ. ರಾತ್ರಿ ಮಕ್ಕಳನ್ನು ಮಲಗಿಸಿ ಎರಡು ಗಂಟೆವರೆಗೆ ಕೂತು ಮಾಡಿದಳು. ಕೊನೆಯ ದಿನ ವೆಬ್‌ಸೈಟ್ ತೆರೆಯಲೇ ಇಲ್ಲ. ಮರುದಿನ "ಗುಣಮಟ್ಟದ ವರದಿ" ಬಂತು. 71 ಪರ್ಸೆಂಟ್ ಮಾತ್ರ ಸರಿ, ಒಪ್ಪಂದ ಮುರಿದಿದ್ದೀರಿ, 6,800 ರೂಪಾಯಿ ಕಟ್ಟಿ. ಸಂಜೆಗೆ "ವಕೀಲರ" ಫೋನ್. "ನಾಳೆ ನಿಮ್ಮ ಮನೆಗೆ ಪೊಲೀಸ್ ಬರ್ತಾರೆ, ಅಕ್ಕಪಕ್ಕದವರ ಮುಂದೆ ಮರ್ಯಾದೆ ಹೋಗುತ್ತೆ."

ಈ ಕಂಪನಿಗೆ ಗ್ರಾಹಕನೇ ಇಲ್ಲ. ಆ ಫಾರ್ಮುಗಳು ಯಾರಿಗೂ ಬೇಕಿಲ್ಲ. ಸರಿ ಉತ್ತರ ಯಾವುದು ಅಂತ ನಿರ್ಧರಿಸುವವರೂ ಅವರೇ, ಅಂಕ ಹಾಕುವವರೂ ಅವರೇ. ನೀವು ಎಷ್ಟು ಜಾಗರೂಕವಾಗಿ ಮಾಡಿದರೂ 90 ಬರುವುದೇ ಇಲ್ಲ. ಅವರ ವರಮಾನ ಇರುವುದು ನಿಮ್ಮ ಹೆದರಿಕೆಯಲ್ಲಿ. ಮೊದಲು ಕಟ್ಟಿಸಿಕೊಳ್ಳುವ ಬದಲು ಕೊನೆಯಲ್ಲಿ ಕಟ್ಟಿಸಿಕೊಳ್ಳುತ್ತಾರೆ, ಅಷ್ಟೇ ವ್ಯತ್ಯಾಸ.

ನಾದಿನಿ ಅಳುತ್ತಾ ಫೋನ್ ಮಾಡಿದಾಗ ಮಾಡಿದ್ದು ಇಷ್ಟು. ದುಡ್ಡು ಕಟ್ಟಲಿಲ್ಲ. ಒಮ್ಮೆ ಕಟ್ಟಿದರೆ ಮುಂದೆ "ಎನ್‌ಒಸಿ ಶುಲ್ಕ", "ಕೇಸ್ ವಾಪಸಾತಿ ಶುಲ್ಕ" ಅಂತ ಬೆಳೆಯುತ್ತಾ ಹೋಗುತ್ತದೆ. ಕೇಸ್ ಹಾಕಿದ್ದೇವೆ ಅಂದವರಿಗೆ "ಸಿಎನ್‌ಆರ್ ನಂಬರ್ ಕೊಡಿ" ಅಂತ ಕೇಳಿದೆವು. ಜಿಲ್ಲಾ, ತಾಲ್ಲೂಕು ನ್ಯಾಯಾಲಯಗಳಲ್ಲಿ ದಾಖಲಾಗುವ ಕೇಸಿಗೆ 16 ಅಕ್ಷರ-ಅಂಕಿಗಳ ಆ ನಂಬರ್ ಇರುತ್ತದೆ. ಇ-ಕೋರ್ಟ್ಸ್ ಆ್ಯಪ್‌ನಲ್ಲಿ ಹಾಕಿದರೆ ಯಾವ ಕೋರ್ಟು, ಯಾರ ಮೇಲೆ ಯಾರು, ಮುಂದಿನ ತಾರೀಖು ಯಾವುದು ಎಲ್ಲ ಬರುತ್ತದೆ. "ವಕೀಲರು" ಫೋನ್ ಇಟ್ಟರು.

ಕಾನೂನಿನ ಮಾತನ್ನೂ ಹೇಳಿಬಿಡುತ್ತೇನೆ. ಒಪ್ಪಂದದಲ್ಲಿ ದಂಡ ಬರೆದಿದ್ದ ಮಾತ್ರಕ್ಕೆ ಅಷ್ಟೂ ಕೊಡಲೇಬೇಕು ಅಂತಿಲ್ಲ. 1872 ರ ಭಾರತೀಯ ಕರಾರು ಕಾಯ್ದೆಯ 74 ನೇ ಕಲಮಿನ ಪ್ರಕಾರ ಸಿಗುವುದು ಸಮಂಜಸವಾದ ಪರಿಹಾರ ಮಾತ್ರ, ಅದನ್ನು ತೀರ್ಮಾನಿಸುವುದು ಕೋರ್ಟು. ಮೋಸದಿಂದ ಪಡೆದ ಒಪ್ಪಿಗೆಯ ಕರಾರನ್ನು ಮೋಸಹೋದವರು ರದ್ದು ಮಾಡಬಹುದು ಅಂತಲೂ ಅದೇ ಕಾಯ್ದೆಯ 19 ನೇ ಕಲಮು ಹೇಳುತ್ತದೆ. ಹಾಗೆಯೇ, ಡೇಟಾ ಎಂಟ್ರಿಯಲ್ಲಿ ತಪ್ಪು ಬಂತು ಅನ್ನುವುದು ಪೊಲೀಸರು ಬಂದು ಎಳೆದೊಯ್ಯುವ ಅಪರಾಧ ಅಲ್ಲ. ಆದರೆ ನಿಜವಾದ ಕೋರ್ಟ್ ಸಮನ್ಸ್ ಬಂದರೆ ಅಸಡ್ಡೆ ಮಾಡದೆ ವಕೀಲರಿಗೆ ತೋರಿಸಿ. ಊರಿನ ವಕೀಲರು ಹತ್ತು ನಿಮಿಷದಲ್ಲಿ ಅಸಲಿಯೋ ನಕಲಿಯೋ ಹೇಳುತ್ತಾರೆ.

ಬಲೆಗೆ ಬೀಳುವ ಮೊದಲೇ ಹಿಡಿಯಬೇಕೆಂದರೆ ಕಂಪನಿಯ ಜಿಎಸ್‌ಟಿ ನಂಬರ್ ಕೇಳಿ. gst.gov.in ನಲ್ಲಿ Search Taxpayer ಒತ್ತಿ ಆ ನಂಬರ್ ಹಾಕಿದರೆ ಹೆಸರು, ವಿಳಾಸ, ಏನು ವ್ಯಾಪಾರ ಎಲ್ಲ ಕಾಣುತ್ತದೆ. ಡೇಟಾ ಎಂಟ್ರಿ ಕಂಪನಿ ಅಂತ ಹೇಳಿ ಅಲ್ಲಿ ಬಟ್ಟೆ ಅಂಗಡಿ ಬಂದರೆ ಅರ್ಥವಾಯಿತಲ್ಲ. ಆಧಾರ್ ಕೊಡಲೇಬೇಕಾದ ಕಡೆ ಮೊದಲ ಎಂಟು ಅಂಕಿ ಮುಚ್ಚಿದ ಮಾಸ್ಕ್ಡ್ ಆಧಾರ್ ಕೊಡಿ. ಅದು ಯುಐಡಿಎಐ ತಾಣದಲ್ಲೇ ಸಿಗುತ್ತದೆ.

ಇನ್ನೊಂದು ಮೋಸವನ್ನು ಚುಟುಕಾಗಿ ಹೇಳುತ್ತೇನೆ. "ಡೇಟಾ ಎಂಟ್ರಿ" ಅಂತ ಕರೆದು ಟೆಲಿಗ್ರಾಂನಲ್ಲಿ ಹೋಟೆಲ್‌ಗೆ ಸ್ಟಾರ್ ಹಾಕಲು ಹೇಳುತ್ತಾರೆ, ಮೊದಲ ದಿನ 150 ರೂಪಾಯಿ ನಿಜವಾಗಿಯೂ ಬರುತ್ತದೆ. ಮೂರನೇ ದಿನ "ಪ್ರೀಪೇಯ್ಡ್ ಟಾಸ್ಕ್, 2,000 ಹಾಕಿದರೆ 2,800". ಆ 150 ಗಾಳಕ್ಕೆ ಸಿಕ್ಕಿಸಿದ ಹುಳ. ಹಾಗೆಯೇ, ನಿಮ್ಮ ಕೂಲಿ ಕಳಿಸುತ್ತೇವೆ ಅಂತ ಕ್ಯೂಆರ್ ಕೋಡ್ ಕಳಿಸಿ ಸ್ಕ್ಯಾನ್ ಮಾಡಿ ಪಿನ್ ಒತ್ತಿ ಅಂದರೆ ಒತ್ತಬೇಡಿ. ಯುಪಿಐನಲ್ಲಿ ದುಡ್ಡು ಬರುವುದಕ್ಕೆ ಪಿನ್ ಬೇಕಿಲ್ಲ, ಹೋಗುವುದಕ್ಕೆ ಮಾತ್ರ ಬೇಕು.

ದುಡ್ಡು ಹೋಗಿಬಿಟ್ಟಿದ್ದರೆ

ಮೊದಲ ಕೆಲಸ ಸೈಬರ್ ವಂಚನೆಯ ಸಹಾಯವಾಣಿ 1930 ಕ್ಕೆ ಫೋನ್. ಮನೆಯವರಿಗೆ ಹೇಗೆ ಹೇಳುವುದು ಅಂತ ಯೋಚಿಸುತ್ತಾ ಸಂಜೆ ಮಾಡಬೇಡಿ. ಹಣ ಒಂದು ಖಾತೆಯಿಂದ ಇನ್ನೊಂದಕ್ಕೆ ಹಾರುತ್ತಿರುತ್ತದೆ. ಎಲ್ಲಾದರೂ ನಿಂತಿರುವಾಗಲೇ ತಡೆ ಹಾಕಿಸಿದರೆ ವಾಪಸ್ ಸಿಗುವ ಸಾಧ್ಯತೆ ಇದೆ. ಎಟಿಎಂನಿಂದ ನಗದಾಗಿ ತೆಗೆದ ಮೇಲೆ ಕಷ್ಟ.

ಫೋನ್ ಮಾಡುವ ಮೊದಲು ಒಂದು ಚೀಟಿಯಲ್ಲಿ ಬರೆದಿಟ್ಟುಕೊಳ್ಳಿ: ನಿಮ್ಮ ಬ್ಯಾಂಕ್ ಮತ್ತು ಖಾತೆ ನಂಬರ್, ಹಣ ಹೋದ ದಿನ ಮತ್ತು ಗಂಟೆ, ಮೊತ್ತ, ಯಾರ ಯುಪಿಐ ಐಡಿಗೆ ಹೋಯಿತು, ಮತ್ತು ವ್ಯವಹಾರದ ಯುಟಿಆರ್ ನಂಬರ್. ಯುಪಿಐ ಆದರೆ ಅದು 12 ಅಂಕಿ. ಫೋನ್‌ಪೇ, ಗೂಗಲ್ ಪೇ ಇತಿಹಾಸದಲ್ಲಿ ಆ ಪಾವತಿಯನ್ನು ಒತ್ತಿದರೆ ಕಾಣುತ್ತದೆ. ಕೆಲವು ಸಲ ಹಣವನ್ನು ಮೂರು ನಾಲ್ಕು ಕಂತಿನಲ್ಲಿ ಕಳಿಸಿರುತ್ತೀರಿ. ಪ್ರತಿಯೊಂದಕ್ಕೂ ಬೇರೆ ನಂಬರ್ ಇರುತ್ತದೆ, ಎಲ್ಲವನ್ನೂ ಬರೆಯಿರಿ.

ಆಮೇಲೆ cybercrime.gov.in ನಲ್ಲಿ ದೂರನ್ನು ಪೂರ್ತಿ ಮಾಡಿ, ಚಾಟ್, ಅಗ್ರಿಮೆಂಟ್, "ನೋಟಿಸ್", ಅವರ ನಂಬರ್ ಎಲ್ಲದರ ಸ್ಕ್ರೀನ್‌ಶಾಟ್ ಸೇರಿಸಿ. ಸಿಟ್ಟಿನಲ್ಲಿ ಚಾಟ್ ಅಳಿಸಿ ಬ್ಲಾಕ್ ಮಾಡುವವರೇ ಹೆಚ್ಚು. ಅಳಿಸಿದರೆ ಸಾಕ್ಷಿ ಹೋಯಿತು. ಮೊದಲು ಚಾಟನ್ನು ಎಕ್ಸ್‌ಪೋರ್ಟ್ ಮಾಡಿ ಇಮೇಲ್‌ಗೆ ಕಳಿಸಿಕೊಳ್ಳಿ, ಆಮೇಲೆ ಬ್ಲಾಕ್ ಮಾಡಿ. ದೂರಿನ ನಂಬರ್ ಹಿಡಿದು ಸೈಬರ್ ಅಪರಾಧ ನೋಡಿಕೊಳ್ಳುವ ಚಿಕ್ಕಬಳ್ಳಾಪುರದ ಸಿಇಎನ್ ಪೊಲೀಸ್ ಠಾಣೆಗೆ ಹೋಗಬಹುದು, ತುಮಕೂರು ಮತ್ತು ಕೋಲಾರದಲ್ಲೂ ಸಿಇಎನ್ ಠಾಣೆಗಳಿವೆ. ಹತ್ತಿರದ ಠಾಣೆಯಲ್ಲೂ ದೂರು ಕೊಡಬಹುದು. ಬ್ಯಾಂಕ್ ಶಾಖೆಗೂ ಒಂದು ಪ್ರತಿ ಕೊಟ್ಟು, ನಿಮ್ಮ ಪ್ರತಿಯ ಮೇಲೆ ಸೀಲು ಹಾಕಿಸಿಕೊಳ್ಳಿ.

ಒಂದೆರಡು ವಾರ ಬಿಟ್ಟು ಯಾರೋ ಫೋನ್ ಮಾಡಿ "ನಿಮ್ಮ ಹೋದ ಹಣ ವಾಪಸ್ ಕೊಡಿಸ್ತೀವಿ, 10 ಪರ್ಸೆಂಟ್ ಮುಂಗಡ ಕೊಡಿ" ಅನ್ನಬಹುದು. ಅವರಿಗೆ ನಿಮ್ಮ ಹೆಸರು, ಹೋದ ಮೊತ್ತ ಎಲ್ಲ ಗೊತ್ತಿರುತ್ತದೆ, ಯಾಕೆಂದರೆ ಅವರು ಅದೇ ಗುಂಪಿನವರು. ಆ ನಂಬರನ್ನೂ ನಿಮ್ಮ ಹಳೇ ದೂರಿಗೆ ಸೇರಿಸಿ.